ಬಾವಿ ಇರುವ ಮನೆ, ಬಾವಿ ಇರುವ ಮನೆಯನ್ನು

ಫ್ರೆಂಚಿನಿಂದ ಕನ್ನಡಕ್ಕೆ ಅನುವಾದಿಸುವಾಗ ಸಬ್‌ಜಂಕ್ಟಿವ್ ರೂಪದ, ಅಂದರೆ ಬಯಕೆ, ಸಂದೇಹ, ಭಯಗಳನ್ನು ಹೇಳುವಾಗ ಹೆಚ್ಚಾಗಿ ಬರುವ ರೂಪದ, ಕ್ರಿಯಾಪದ ಎದುರಾದರೆ ನಾನು ಮೊದಲು ಕೇಳಿಕೊಳ್ಳುವುದು, ಇಲ್ಲಿ ಬೇರೆ ರೂಪವನ್ನು ಬಳಸುವ ಸ್ವಾತಂತ್ರ್ಯ ಬರೆದವರಿಗೆ ಇತ್ತೇ ಎಂಬುದನ್ನು. ‘ನೀನು ಬರಲೇಬೇಕು’, ‘ಅವನು ಹೊರಡುವ ಮೊದಲು’, ‘ಮಳೆ ಸುರಿಯುತ್ತಿದ್ದರೂ’ ಎಂಬ ಅರ್ಥದ ವಾಕ್ಯಗಳಲ್ಲಿ ಫ್ರೆಂಚ್ ವ್ಯಾಕರಣವೇ ಆ ರೂಪವನ್ನು ಕಡ್ಡಾಯ ಮಾಡಿರುವುದರಿಂದ ಅದರಲ್ಲಿ ಹೇಳುವವರ ಮನಸ್ಸು ಕಾಣುವುದಿಲ್ಲ; ಬೇಕು, ಮೊದಲು, ಆದರೂ ಎಂಬ ನಮ್ಮ ಪದಗಳೇ ಅಲ್ಲಿ ಸಾಕು. ‘ನೀನು ಬಂದದ್ದು ನನಗೆ ಸಂತೋಷ’ ಎಂಬಲ್ಲಿಯೂ ಫ್ರೆಂಚರು ಸಬ್‌ಜಂಕ್ಟಿವನ್ನೇ ಬಳಸುತ್ತಾರೆ, ಆದರೆ ಬಂದದ್ದು ಬಂದಾಗಿದೆ, ಅದರಲ್ಲಿ ಸಂದೇಹವೆಲ್ಲಿಯದು? ಈ ಭೇದವನ್ನು ನೋಡದೆ ಸಿಕ್ಕಸಿಕ್ಕಲ್ಲಿ ‘ಬಹುದು’ ಸೇರಿಸಿದರೆ ಮೂಲದಲ್ಲಿಲ್ಲದ ಅನುಮಾನ ಅನುವಾದದಲ್ಲಿ ಹುಟ್ಟಿಕೊಳ್ಳುತ್ತದೆ. ಮೇಲಾಗಿ ‘ಬಹುದು’ ಎಂಬುದು ಅನುಮತಿಗೂ ಸಂಭವಕ್ಕೂ ಒಂದೇ ಪದವಾದ್ದರಿಂದ ಪಾತ್ರಗಳೆಲ್ಲ ಕಚೇರಿಯ ಸುತ್ತೋಲೆ ಓದುತ್ತಿರುವಂತೆ ಕೇಳಿಸುತ್ತದೆ.

ಎರಡು ರೂಪಗಳಲ್ಲಿ ಯಾವುದನ್ನಾದರೂ ಬಳಸಬಹುದಾದ ಜಾಗದಲ್ಲಿ ಮಾತ್ರ ಆಯ್ಕೆಗೆ ಅರ್ಥವಿದೆ. ಅಂಥ ಒಂದು ಪ್ರಸಂಗವನ್ನು ವಿವರಿಸುತ್ತೇನೆ. ನಾನು ಅನುವಾದಿಸುತ್ತಿದ್ದ ಒಂದು ಕಥೆಯಲ್ಲಿ ಊರು ಬಿಟ್ಟುಬಂದ ವಿಧವೆಯೊಬ್ಬಳು ಮನೆ ದಲ್ಲಾಳಿಗೆ ಪತ್ರಗಳನ್ನು ಬರೆಯುತ್ತಾಳೆ. ವಾಕ್ಯಗಳನ್ನು ಇಲ್ಲಿ ಸರಳಗೊಳಿಸಿ ಕೊಡುತ್ತಿದ್ದೇನೆ. ಮೊದಲ ಪತ್ರದಲ್ಲಿ ಅವಳು ಬಾವಿ ಇರುವ ಮನೆ ಹುಡುಕುತ್ತಿದ್ದೇನೆ ಎಂದು ಬರೆಯುವಾಗ ‘ಇರುವ’ ಎಂಬುದಕ್ಕೆ ‘ಕಿ ಎ’ ಎಂದು ಸಬ್‌ಜಂಕ್ಟಿವನ್ನು ಬಳಸಿದ್ದಾಳೆ. ಅಂಥ ಮನೆ ಇದೆಯೋ ಇಲ್ಲವೋ ಅವಳಿಗೆ ತಿಳಿಯದು, ಇದ್ದರೆ ಬೇಕು ಎಂಬುದಷ್ಟೇ ಅದರ ಅರ್ಥ. ಕೊನೆಯ ಪತ್ರದಲ್ಲಿ ಅದೇ ವಾಕ್ಯ ಬರುತ್ತದೆ, ಆದರೆ ‘ಕಿ ಆ’ ಎಂಬ ಸಾಮಾನ್ಯ ರೂಪದಲ್ಲಿ. ಒಂದು ಸ್ವರ ಬದಲಾದೊಡನೆ ಫ್ರೆಂಚ್ ಓದುಗನಿಗೆ ತಿಳಿದುಬಿಡುತ್ತದೆ: ಇವಳು ಹುಡುಕುತ್ತಿರುವುದು ಯಾವುದೋ ಒಂದು ಮನೆಯನ್ನಲ್ಲ, ಎಲ್ಲೋ ಕಂಡು ಬಂದ ಒಂದು ಮನೆಯನ್ನು. ಕಥೆ ತಿರುಗುವುದೇ ಅಲ್ಲಿ.

ಕನ್ನಡದ ‘ಇರುವ’ ಎಂಬ ಕೃದಂತ ಎರಡೂ ಪತ್ರಗಳಿಗೆ ಒಂದೇ ಆಗಿ ನಿಲ್ಲುತ್ತದೆ. ಕ್ರಿಯಾಪದದಲ್ಲಿ ದಾರಿಯಿಲ್ಲವೆಂದಾದಾಗ ನಾನು ನಾಮಪದದ ಕಡೆಗೆ ತಿರುಗಿದೆ. ಮಗನಿಗೆ ಹೆಣ್ಣು ಹುಡುಕುತ್ತಿದ್ದಾರೆ ಎಂದರೆ ಯಾರೂ ಗೊತ್ತಾಗಿಲ್ಲ ಎಂದೂ, ಹೆಣ್ಣನ್ನು ಹುಡುಕುತ್ತಿದ್ದಾರೆ ಎಂದರೆ ಒಬ್ಬಳು ಕಾಣೆಯಾಗಿದ್ದಾಳೆ ಎಂದೂ ಕಾಸರಗೋಡಿನಲ್ಲಿ ಮಾತ್ರವಲ್ಲ, ಕನ್ನಡ ಆಡುವ ಎಲ್ಲ ಕಡೆಯೂ ಅರ್ಥವಾಗುತ್ತದೆ. ದ್ವಿತೀಯಾ ವಿಭಕ್ತಿಯ ಪ್ರತ್ಯಯವಿಲ್ಲದ ಕರ್ಮಪದವು ಬಗೆಯೊಂದನ್ನು ಹೇಳುತ್ತದೆ, ಪ್ರತ್ಯಯ ಹತ್ತಿದೊಡನೆ ಹೇಳುವವರ ಮನಸ್ಸಿನಲ್ಲಿ ಒಂದು ನಿರ್ದಿಷ್ಟ ವಸ್ತು ಬಂದು ನಿಲ್ಲುತ್ತದೆ. ಆದ್ದರಿಂದ ಮೊದಲ ಪತ್ರಕ್ಕೆ ‘ಬಾವಿ ಇರುವ ಮನೆ ಹುಡುಕುತ್ತಿದ್ದೇನೆ’ ಎಂದೂ ಕೊನೆಯ ಪತ್ರಕ್ಕೆ ‘ಬಾವಿ ಇರುವ ಮನೆಯೊಂದನ್ನು ಹುಡುಕುತ್ತಿದ್ದೇನೆ’ ಎಂದೂ ಇಟ್ಟೆ. ‘ಆ ಮನೆಯನ್ನು’ ಎಂದು ಬರೆದಿದ್ದರೆ ದಲ್ಲಾಳಿಗೂ ಆ ಮನೆ ಗೊತ್ತು ಎಂದಾಗುತ್ತಿತ್ತು. ಅವಳು ಬಚ್ಚಿಟ್ಟುಕೊಂಡದ್ದನ್ನು ನಾನೇ ಹೊರಹಾಕಿದಂತಾಗುತ್ತಿತ್ತು. ಮೊದಲ ಪತ್ರದಲ್ಲಿ ಅವಳ ಹಂಬಲ ಇನ್ನಷ್ಟು ಕೇಳಿಸಬೇಕೆಂದಿದ್ದರೆ ‘ಬಾವಿ ಇರುವ ಮನೆ ಯಾವುದಾದರೂ ಇದ್ದೀತೇ ಎಂದು ಹುಡುಕುತ್ತಿದ್ದೇನೆ’ ಎಂದು ಬರೆಯಲು ಅವಕಾಶವಿತ್ತು, ಆದರೆ ಅದು ಮೂಲಕ್ಕಿಂತ ಹೆಚ್ಚು ದೈನ್ಯದ್ದು.

ಇದು ಓದುಗರನ್ನು ತಲುಪುತ್ತದೆಯೇ ಎಂದು ತಿಳಿಯಲು ಫ್ರೆಂಚ್ ಬಾರದವರೇ ಬೇಕು. ಬದಿಯಡ್ಕದಲ್ಲಿರುವ ನನ್ನ ಚಿಕ್ಕಮ್ಮನಿಗೆ ಎರಡೂ ಪತ್ರಗಳನ್ನು ಓದಿ, ಯಾವ ಸುಳಿವನ್ನೂ ಕೊಡದೆ, “ಇವಳಿಗೆ ಮನೆ ಗೊತ್ತುಂಟಾ ಚಿಕ್ಕಮ್ಮ?” ಎಂದು ಕೇಳಿದೆ. “ಮೊದಲಿನದ್ದರಲ್ಲಿ ಇಲ್ಲ. ಕಡೆಯದ್ದರಲ್ಲಿ ಯಾವುದೋ ಒಂದು ಮನೆ ಕಂಡಿಟ್ಟಿದ್ದಾಳೆ ಅಂತ ಕಾಣ್ತದೆ, ಹೇಳುವುದಿಲ್ಲ ಅಷ್ಟೆ” ಎಂದರು. ಆ ‘ಹೇಳುವುದಿಲ್ಲ ಅಷ್ಟೆ’ ಎಂಬ ಮಾತು ಬಂದ ಮೇಲೆ ಆ ವಾಕ್ಯಗಳನ್ನು ನಾನು ಮತ್ತೆ ಮುಟ್ಟಲಿಲ್ಲ.

ಮುಟ್ಟುವವರು ಬೇರೆ ಇದ್ದಾರೆ. ಶಿಷ್ಟ ಬರಹದಲ್ಲಿ ‘ಅನ್ನು’ ಬಿಟ್ಟರೆ ತಪ್ಪು ಎಂಬ ನಂಬಿಕೆ ಕರಡು ತಿದ್ದುವವರಲ್ಲಿ ಬಲವಾಗಿದೆ. ಮೊದಲ ಪತ್ರದ ‘ಮನೆ’ ಅವರ ಕೈಯಲ್ಲಿ ‘ಮನೆಯನ್ನು’ ಆಗಿಬಿಟ್ಟರೆ ಎರಡು ಪತ್ರಗಳ ನಡುವಿನ ಅಂತರವೇ ಅಳಿಸಿಹೋಗುತ್ತದೆ, ಅಳಿಸಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಇಂಥ ಪದಗಳ ಪಕ್ಕದಲ್ಲಿ ಅಂಚಿನಲ್ಲೇ ‘ಹೀಗೆಯೇ ಇರಲಿ’ ಎಂದು ಬರೆದು ಕಳುಹಿಸುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಈ ಉಪಾಯ ವಸ್ತುಗಳ ಮಟ್ಟಿಗೆ ಸರಿ. ‘ಹೆಣ್ಣು ಹುಡುಕು’ ಎಂಬಂಥ ರೂಢಿಯ ಮಾತುಗಳನ್ನು ಬಿಟ್ಟರೆ, ಮನುಷ್ಯರನ್ನು ಹೇಳುವ ಪದಕ್ಕೆ ಪ್ರತ್ಯಯ ಹೆಚ್ಚುಕಡಿಮೆ ಕಡ್ಡಾಯ. ಕನ್ನಡ ಬಲ್ಲ ಅಧ್ಯಾಪಕರನ್ನು ನೇಮಿಸಿ ಎಂದು ಮನವಿ ಕೊಡುವುದು ನಮ್ಮ ಜಿಲ್ಲೆಯವರಿಗೆ ಅಭ್ಯಾಸವಾಗಿಬಿಟ್ಟಿದೆ. ಆ ವಾಕ್ಯದ ‘ಬಲ್ಲ’ ಎಂಬುದು ಫ್ರೆಂಚಿನಲ್ಲಿ ಸಬ್‌ಜಂಕ್ಟಿವ್ ಆದೀತು, ಆದರೆ ‘ಅಧ್ಯಾಪಕರನ್ನು’ ಎಂಬಲ್ಲಿ ಪ್ರತ್ಯಯ ಬಿಡುವಂತಿಲ್ಲ. ಅಲ್ಲಿ ನಾನು ವಾಕ್ಯವನ್ನೇ ತಿರುಗಿಸಿ ‘ಕನ್ನಡ ಬಲ್ಲವರು ಯಾರಾದರೂ ಬೇಕು’ ಎಂದು ಕರ್ಮಪದವನ್ನು ಕರ್ತೃವಿನ ಜಾಗಕ್ಕೆ ತರುತ್ತೇನೆ.

ನಡುವಿನ ಪತ್ರ ಇನ್ನೊಂದು ಬಗೆಯ ತೊಡಕು ತಂದಿತು. ಅದರಲ್ಲಿ ಅವಳು ಸಮುದ್ರದ ಕಡೆಗೆ ಮುಖ ಮಾಡಿದ ಮನೆ ಎನ್ನುತ್ತಾಳೆ, ಕ್ರಿಯಾಪದ ‘ದೊನ್’. ಈ ವರ್ಗದ ಕ್ರಿಯಾಪದಗಳಿಗೆ ಏಕವಚನದ ಪ್ರಥಮಪುರುಷದಲ್ಲಿ ಸಬ್‌ಜಂಕ್ಟಿವಿಗೂ ಸಾಮಾನ್ಯ ವರ್ತಮಾನಕ್ಕೂ ಉಚ್ಚಾರದಲ್ಲಾಗಲಿ ಬರಹದಲ್ಲಾಗಲಿ ಭೇದವಿಲ್ಲ. ಮನೆ ಗೊತ್ತಿದೆಯೋ ಇಲ್ಲವೋ ಎಂಬುದನ್ನು ಮೂಲವೇ ತೆರೆದಿಟ್ಟಿರುವಾಗ ‘ಮನೆ’ ಎಂದರೂ ‘ಮನೆಯೊಂದನ್ನು’ ಎಂದರೂ ನಾನು ತೀರ್ಪು ಕೊಟ್ಟಂತೆ. ‘ಕಡಲಿಗೆ ಮುಖ ಮಾಡಿದ ಮನೆಯ ಹುಡುಕಾಟದಲ್ಲಿದ್ದೇನೆ’ ಎಂದು ಷಷ್ಠಿಯಲ್ಲಿ ಬರೆದಾಗ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ.

ಕೊನೆಯ ಪತ್ರದ ಮುಂದಿನ ಸಾಲು ಭಯದ್ದು: ಬಾವಿ ಬತ್ತೀತೆಂದು ಅವಳಿಗೆ ಅಂಜಿಕೆ. ಭಯದ ಕ್ರಿಯಾಪದದ ನಂತರ ಫ್ರೆಂಚಿನಲ್ಲಿ ಸಬ್‌ಜಂಕ್ಟಿವ್ ಕಡ್ಡಾಯ, ಆದರೆ ಇಲ್ಲಿ ಭಯ ವಾಕ್ಯದ ಅರ್ಥದಲ್ಲೇ ಇರುವುದರಿಂದ ಅದನ್ನು ಬಿಡುವಂತಿಲ್ಲ. ಜತೆಗೆ ‘ನ’ ಎಂಬ ಒಂಟಿ ನಿಷೇಧಪದವೂ ಬರುತ್ತದೆ. ಇಂಥ ವಾಕ್ಯದಲ್ಲಿ ಅದರ ನಂತರ ‘ಪಾ’ ಬಾರದಿದ್ದರೆ ಅದಕ್ಕೆ ನಿಷೇಧದ ಅರ್ಥವಿಲ್ಲ. ಅದನ್ನು ನೋಡದೆ ಅನುವಾದಿಸಿದರೆ ಬಾವಿ ಬತ್ತುವುದಿಲ್ಲವೆಂದು ಅವಳು ಹೆದರಿದಂತಾಗುತ್ತದೆ. ಕನ್ನಡದ ಸಂಭಾವನಾರ್ಥ ರೂಪ ಇಂಥಲ್ಲಿ ಹೊಂದುತ್ತದೆ, ಏಕೆಂದರೆ “ಜಾಗ್ರತೆ, ಬಿದ್ದೀಯ” ಎಂದು ಮಕ್ಕಳನ್ನು ಎಚ್ಚರಿಸುವಾಗ ಅದರಲ್ಲಿ ಸಂಭವವೂ ಬೇಡವೆಂಬ ಆಸೆಯೂ ಕೂಡಿಯೇ ಬರುತ್ತವೆ. ಆದರೂ ‘ಬತ್ತೀತೆಂದು ಅಂಜಿಕೆ’ ಎಂಬುದು ದೂರದಿಂದ ಹೇಳಿದ ಎಚ್ಚರಿಕೆಯಂತೆ ಕೇಳಿಸಿತು. ಮನೆ ಈಗ ಅವಳಿಗೆ ಗೊತ್ತಿರುವ ಮನೆ, ಬಾವಿಯೂ ಅವಳು ನೀರು ಸೇದಿದ ಬಾವಿ. ‘ಬಾವಿ ಎಲ್ಲಿ ಬತ್ತಿಬಿಡುತ್ತದೋ ಎಂದು ಹೆದರಿಕೆ’ ಎಂದು ಬರೆದೆ. ಇದರಲ್ಲಿ ಅನುಮಾನವನ್ನು ಹೊರುವುದು ‘ಎಲ್ಲಿ’ ಮತ್ತು ಕೊನೆಯ ‘ಓ’, ಕ್ರಿಯಾಪದ ನಿಶ್ಚಿತ ರೂಪದಲ್ಲೇ ಉಳಿದಿದೆ.