ಸಿಹಿನೀರು ಊರಿಗೆ, ರಿಜೆಕ್ಟ್ ಸಮುದ್ರಕ್ಕೆ: ಒಮಾನ್ ಕರಾವಳಿಯಲ್ಲಿ ನನ್ನ ಅನುಭವ

ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವ ಪ್ಲಾಂಟಿನಲ್ಲಿ ಕೆಲಸ ಅಂದರೆ ಎಲ್ಲರೂ ಸಿಹಿನೀರಿನ ಬಗ್ಗೆಯೇ ಕೇಳುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಚಿಕ್ಕ ಪಾಲು. ಉಪ್ಪನ್ನು ತಡೆದು ನೀರನ್ನಷ್ಟೇ ಬಿಡುವ ಪರದೆ ಮೆಂಬ್ರೇನ್. ಅದಕ್ಕೆ ಹೋಗುವ 100 ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 40 ಲೀಟರ್ ಸಿಹಿನೀರಾಗುತ್ತದೆ. ಉಳಿದ 60 ಲೀಟರಿಗೆ ಹೆಚ್ಚುಕಡಿಮೆ ಎಲ್ಲ ಉಪ್ಪೂ ಸೇರಿಕೊಳ್ಳುತ್ತದೆ. ಅದನ್ನು ಬ್ರೈನ್ ಅನ್ನುತ್ತಾರೆ. ಪ್ಲಾಂಟಿನೊಳಗೆ ನಾವು ರಿಜೆಕ್ಟ್ ಅನ್ನುತ್ತೇವೆ. ಒಮಾನ್ ಕರಾವಳಿಯ ಪ್ಲಾಂಟಿನಲ್ಲಿ ಶಿಫ್ಟ್ ಎಂಜಿನಿಯರ್ ಆಗಿರುವ ನನ್ನ ದಿನದ ಹೆಚ್ಚಿನ ಭಾಗ ಈ ರಿಜೆಕ್ಟ್ ಹಿಂದೆಯೇ ಹೋಗುತ್ತದೆ.

ನಮ್ಮ ಕಡಲಿನ ನೀರಿನಲ್ಲಿ ಲೀಟರಿಗೆ ಸುಮಾರು 37 ಗ್ರಾಂ ಉಪ್ಪಿದೆ. 40 ಲೀಟರ್ ತೆಗೆದ ಮೇಲೆ ಉಳಿದ ನೀರಿನಲ್ಲಿ ಲೀಟರಿಗೆ 62 ಗ್ರಾಂ ಆಗುತ್ತದೆ. ಇನ್ನೂ ಜಾಸ್ತಿ ಯಾಕೆ ತೆಗೆಯಬಾರದು ಅಂತ ಹೊಸಬರು ಕೇಳುತ್ತಾರೆ. ಉತ್ತರ ಒತ್ತಡದಲ್ಲಿದೆ. ಉಪ್ಪುನೀರು ತನ್ನೊಳಗಿನ ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. 37 ಗ್ರಾಂ ಇರುವಾಗ ಅದು ಸುಮಾರು 28 ಬಾರ್ ಒತ್ತಡದಷ್ಟು ಹಿಡಿದು ಎಳೆಯುತ್ತದೆ. 62 ಗ್ರಾಂ ಆಗುವ ಹೊತ್ತಿಗೆ ಈ ಎಳೆತ 48 ಬಾರ್ ಹತ್ತಿರ ಬರುತ್ತದೆ. ನಾವು ಪಂಪಿನಿಂದ ಕೊಡುವುದು 60 ಬಾರ್. ಒಂದು ಉದ್ದನೆಯ ಕೊಳವೆಯೊಳಗೆ ಏಳು ಮೆಂಬ್ರೇನ್‌ಗಳು ಸಾಲಾಗಿ ಇರುತ್ತವೆ. ಮೊದಲನೆಯದಕ್ಕೆ 30 ಬಾರಿಗಿಂತ ಜಾಸ್ತಿ ಬಲ ಸಿಗುತ್ತದೆ. ಏಳನೆಯದಕ್ಕೆ ಉಳಿಯುವುದು ಹತ್ತು ಬಾರ್ ಅಷ್ಟೇ. ಅರ್ಧಕ್ಕರ್ಧ ನೀರು ತೆಗೆಯಲು ಹೋದರೆ ರಿಜೆಕ್ಟ್ 74 ಗ್ರಾಂ ದಾಟಿ, ಪಂಪಿನ ಒತ್ತಡ 70 ಬಾರ್ ಕಡೆಗೆ ಏರಬೇಕಾಗುತ್ತದೆ. ಅದಕ್ಕೇ ನಲವತ್ತಕ್ಕೆ ನಿಲ್ಲಿಸುತ್ತೇವೆ.

ರಿಜೆಕ್ಟ್ ಮೆಂಬ್ರೇನಿನಿಂದ ಹೊರಗೆ ಬರುವಾಗಲೂ ಅದರಲ್ಲಿ 58 ಬಾರ್ ಒತ್ತಡ ಇರುತ್ತದೆ. ಅದನ್ನು ಹಾಗೇ ಸಮುದ್ರಕ್ಕೆ ಬಿಟ್ಟರೆ ಕರೆಂಟ್ ಬಿಲ್ಲಿನ ಅರ್ಧ ಹಣ ಕಡಲಿಗೆ ಸುರಿದಂತೆ. ಒಂದು ಘನ ಮೀಟರ್ ನೀರನ್ನು 60 ಬಾರಿಗೆ ಏರಿಸಲು ಲೆಕ್ಕದ ಪ್ರಕಾರ 1.67 ಯೂನಿಟ್ ವಿದ್ಯುತ್ ಬೇಕು. ಒಂದು ಘನ ಮೀಟರ್ ಸಿಹಿನೀರಿಗೆ ಎರಡೂವರೆ ಘನ ಮೀಟರ್ ಸಮುದ್ರದ ನೀರನ್ನು ಏರಿಸಬೇಕು. ಅಂದರೆ ನಾಲ್ಕು ಯೂನಿಟ್ ಮೇಲಾಯಿತು, ಪಂಪಿನ ನಷ್ಟ ಬೇರೆ. ಇದನ್ನು ತಪ್ಪಿಸುವುದು ಪ್ರೆಶರ್ ಎಕ್ಸ್‌ಚೇಂಜರ್. ನಮ್ಮ ಬಾಯಲ್ಲಿ ಪಿಎಕ್ಸ್. ಅದರೊಳಗೆ ಉದ್ದುದ್ದ ರಂಧ್ರಗಳಿರುವ ಸೆರಾಮಿಕ್ ರೋಟರ್ ತಿರುಗುತ್ತಿರುತ್ತದೆ. ಒಂದು ಕಡೆಯಿಂದ ಒತ್ತಡ ತುಂಬಿದ ರಿಜೆಕ್ಟ್ ಬಂದು, ಇನ್ನೊಂದು ಕಡೆ ತುಂಬಿರುವ ಸಮುದ್ರದ ನೀರನ್ನು ನೇರವಾಗಿ ತಳ್ಳುತ್ತದೆ. ಮಧ್ಯೆ ಪಿಸ್ಟನ್ ಇಲ್ಲ, ಮೋಟರೂ ಇಲ್ಲ. ಹೀಗೆ 100 ಲೀಟರಿನಲ್ಲಿ 60 ಲೀಟರ್ ನೀರಿಗೆ ಒತ್ತಡ ಬಹುಪಾಲು ಪುಕ್ಕಟೆ ಸಿಗುತ್ತದೆ. ಕಡಿಮೆ ಬಿದ್ದ ಎರಡು ಮೂರು ಬಾರ್ ತುಂಬಲು ಸಣ್ಣ ಬೂಸ್ಟರ್ ಪಂಪ್ ಸಾಕು. ದೊಡ್ಡ ಪಂಪ್ ಏರಿಸಬೇಕಾದದ್ದು ಉಳಿದ 40 ಲೀಟರ್ ಮಾತ್ರ. ಸಮುದ್ರದಿಂದ ಎಳೆಯುವುದು, ಸೋಸುವುದು, ಊರಿಗೆ ಕಳಿಸುವುದು ಎಲ್ಲ ಸೇರಿದರೂ ಘನ ಮೀಟರಿಗೆ ಮೂರರಿಂದ ನಾಲ್ಕು ಯೂನಿಟ್‌ನಲ್ಲಿ ಮುಗಿಯುತ್ತದೆ.

ಎರಡು ನೀರುಗಳ ಮಧ್ಯೆ ಗೋಡೆ ಇಲ್ಲದ್ದರಿಂದ ಸ್ವಲ್ಪ ಬೆರೆಯುವುದು ಸಹಜ. 37 ಗ್ರಾಂ ಇರುವ ನೀರು ಮೆಂಬ್ರೇನಿಗೆ ಹೋಗುವಾಗ 38 ಆಗಿರುತ್ತದೆ. ಅಲ್ಲಿಗೆ ತೊಂದರೆ ಇಲ್ಲ. ತೊಂದರೆ ಬರುವುದು ರೋಟರ್ ನಿಂತಾಗ. ಪಂಪ್, ಮೆಂಬ್ರೇನ್, ಪಿಎಕ್ಸ್ ಸೇರಿದ ಒಂದು ಸಾಲನ್ನು ಟ್ರೇನ್ ಅನ್ನುತ್ತೇವೆ. ಒಮ್ಮೆ ಒಂದು ಟ್ರೇನ್‌ನಲ್ಲಿ ಪಂಪಿನ ಒತ್ತಡ ಒಂದೂವರೆ ಬಾರ್‌ನಷ್ಟು ಏರಿತು. ಸಿಹಿನೀರಿನಲ್ಲಿ ಉಪ್ಪು ಎಷ್ಟಿದೆ ಅಂತ ತೋರಿಸುವ ಕಂಡಕ್ಟಿವಿಟಿಯೂ ಸ್ವಲ್ಪ ಮೇಲೆ ಹೋಯಿತು. ಮೆಂಬ್ರೇನ್ ಕೊಳೆಯಾಗಿದೆ, ಕೆಮಿಕಲ್ ಹಾಕಿ ತೊಳೆಯೋಣ ಅಂತ ಕೆಲವರು ಹೇಳಿದರು. ಆದರೆ ಕೊಳೆ ಹೀಗೆ ಒಂದೇ ಗಳಿಗೆಯಲ್ಲಿ ಕೂರುವುದಿಲ್ಲ, ಅಲ್ವಾ? ಆ ಟ್ರೇನ್‌ನಲ್ಲಿ ಹತ್ತು ಪಿಎಕ್ಸ್ ಇವೆ. ಓಡುವ ಪಿಎಕ್ಸ್ ಒಂದೇ ಸಮನೆ ಗುಂಯ್‌ಗುಡುತ್ತದೆ. ಕಿವಿಗೆ ಉದ್ದನೆಯ ಸ್ಕ್ರೂಡ್ರೈವರ್ ಹಿಡಿದು ಒಂದೊಂದನ್ನೇ ಕೇಳುತ್ತಾ ಹೋದೆವು. ಒಂದರಲ್ಲಿ ಗುಂಯ್ ಇರಲಿಲ್ಲ, ನೀರು ಹರಿಯುವ ಸದ್ದು ಮಾತ್ರ. ಅದರ ಸ್ಯಾಂಪಲ್ ನಲ್ಲಿಯಿಂದ ನೀರು ಹಿಡಿದು ನೋಡಿದರೆ ಹೆಚ್ಚುಕಡಿಮೆ ರಿಜೆಕ್ಟ್‌ನಷ್ಟೇ ಉಪ್ಪು. ರೋಟರ್ ನಿಂತಾಗ ರಿಜೆಕ್ಟ್ ಅದರ ರಂಧ್ರಗಳಲ್ಲಿ ನೇರ ಹಾದು ಮೆಂಬ್ರೇನಿಗೆ ವಾಪಸ್ ಹೋಗುತ್ತಿರುತ್ತದೆ. ಇತ್ತ ಒಳ್ಳೆಯ ಸಮುದ್ರದ ನೀರು ಸುಮ್ನೆ ಡ್ರೈನ್ ಸೇರುತ್ತದೆ. 100ರಲ್ಲಿ 6 ಲೀಟರ್ ಹೀಗೆ ತಿರುಗಿದರೆ ಮೆಂಬ್ರೇನಿಗೆ ಹೋಗುವ ನೀರಿನಲ್ಲಿ ಲೀಟರಿಗೆ ಒಂದೂವರೆ ಗ್ರಾಂ ಉಪ್ಪು ಏರುತ್ತದೆ. ಒತ್ತಡ ಏರಿದ್ದೂ ಅದಕ್ಕೇ. ಬಿಚ್ಚಿದಾಗ ರೋಟರ್ ಸಂದಿಯಲ್ಲಿ ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ತೊಳೆದು ಕೂರಿಸಿದ ಮೇಲೆ ಒತ್ತಡ ಮೊದಲಿನ ಮಟ್ಟಕ್ಕೆ ಇಳಿಯಿತು.

ಒತ್ತಡ ಕೊಟ್ಟು ಮುಗಿದ ರಿಜೆಕ್ಟ್, ಸಮುದ್ರಕ್ಕೆ ಹೋಗುವ ಮೊದಲು ಸೇರುವ ತೊಟ್ಟಿಗೆ, ಅಂದರೆ ಔಟ್‌ಫಾಲ್ ಚೇಂಬರಿಗೆ ಬರುತ್ತದೆ. ಉಪ್ಪಿನ ಜೊತೆಗೆ, ಮೆಂಬ್ರೇನ್ ಮೇಲೆ ಪದರ ಕಟ್ಟದಿರಲಿ ಅಂತ ಹಾಕಿದ ಆಂಟಿಸ್ಕೇಲೆಂಟ್ ಸ್ವಲ್ಪ ಇರುತ್ತದೆ. ನಾನು ಹೆಚ್ಚು ಕಣ್ಣಿಡುವುದು ಬೇರೆ ಎರಡರ ಮೇಲೆ. ಒಂದು, ಬೈಸಲ್ಫೈಟ್. ಕ್ಲೋರಿನ್ ತಾಗಿದರೆ ಮೆಂಬ್ರೇನ್ ಹಾಳು, ಆದ್ದರಿಂದ ನೀರಿನಲ್ಲಿರುವ ಕ್ಲೋರಿನ್ ಕೊಲ್ಲಲು ಬೈಸಲ್ಫೈಟ್ ಹಾಕುತ್ತೇವೆ. ಆಪರೇಟರ್ ಭಯಕ್ಕೆ ಒಂದಿಷ್ಟು ಜಾಸ್ತಿ ಹಾಕಿದರೆ ಅದು ನೀರಿನ ಆಮ್ಲಜನಕವನ್ನೂ ತಿನ್ನುತ್ತದೆ. ಚೇಂಬರಿನಲ್ಲಿ ಆಮ್ಲಜನಕದ ಮೀಟರ್ ಇಟ್ಟಿರುವುದು ಇದಕ್ಕೇ. ಇನ್ನೊಂದು, ಫಿಲ್ಟರ್ ತೊಳೆದ ನೀರು. ಕೆಸರು ಗಂಟು ಕಟ್ಟಲಿ ಅಂತ ಫೆರಿಕ್ ಕ್ಲೋರೈಡ್ ಹಾಕಿರುತ್ತೇವೆ, ಆ ತೊಳೆದ ನೀರು ತುಕ್ಕಿನ ಬಣ್ಣದ್ದು. ರಿಜೆಕ್ಟ್ ಜೊತೆ ಬಿಟ್ಟರೆ ಕಡಲಲ್ಲಿ ಕೆಂಪು ಪಟ್ಟೆ ಏಳುತ್ತದೆ, ಮೀನುಗಾರರು ಅದೇ ದಿನ ಗೇಟಿಗೆ ಬರುತ್ತಾರೆ. ಬರಬೇಕಾದದ್ದೇ. ನಮ್ಮಲ್ಲಿ ಅದನ್ನು ಬೇರೆ ತೊಟ್ಟಿಯಲ್ಲಿ ತಂಗಿಸಿ, ಕೆಸರನ್ನು ಹಿಂಡಿ ಲಾರಿಯಲ್ಲಿ ಕಳಿಸುತ್ತೇವೆ. 2008-09ರಲ್ಲಿ ಈ ಭಾಗದಲ್ಲಿ ಕೆಂಪು ಪಾಚಿ ಎದ್ದು ಒಮಾನ್, ಯುಎಇಯ ಹಲವು ಪ್ಲಾಂಟ್‌ಗಳು ನಿಂತಿದ್ದವು. ಅಂಥ ಕಾಲದಲ್ಲಿ ಫೆರಿಕ್ ಡೋಸ್ ಏರುತ್ತದೆ, ಅದರ ಜೊತೆ ಕೆಸರೂ ಏರುತ್ತದೆ.

ಊರಿಗೆ ಹೋದಾಗ ಕುಂದಾಪುರದ ನಮ್ಮ ಮಾವ ಪ್ರತಿ ಸಲ ಕೇಳುತ್ತಾರೆ: "ಅಷ್ಟು ಉಪ್ಪನ್ನು ಸಮುದ್ರಕ್ಕೆ ಯಾಕೆ ಬಿಡ್ತೀರಿ? ಸಾಣಿಕಟ್ಟೆಯಲ್ಲಿ ಮಾಡುವ ಹಾಗೆ ಆಗರಕ್ಕೆ ಬಿಟ್ಟು ಒಣಗಿಸಬಾರದಾ?" ಕೇಳುವುದರಲ್ಲಿ ತಪ್ಪಿಲ್ಲ, ಲೆಕ್ಕ ಮಾಡಿ ನೋಡೋಣ. ದಿನಕ್ಕೆ 10 ಕೋಟಿ ಲೀಟರ್ ಸಿಹಿನೀರು ಕೊಡುವ ಪ್ಲಾಂಟಿನಿಂದ 15 ಕೋಟಿ ಲೀಟರ್ ರಿಜೆಕ್ಟ್ ಬರುತ್ತದೆ. ಅದರಲ್ಲಿ ದಿನಕ್ಕೆ 9 ಸಾವಿರ ಟನ್ನಿಗೂ ಜಾಸ್ತಿ ಲವಣ. ಬಿಸಿಲಿಗೆ ದಿನಕ್ಕೆ 7 ಮಿಲಿಮೀಟರ್ ನೀರು ಆವಿಯಾಗುತ್ತದೆ ಅಂತ ಹಿಡಿದರೂ, ಒಂದೇ ಪ್ಲಾಂಟಿಗೆ 5 ಸಾವಿರ ಎಕರೆ ಮೀರಿದ ಆಗರ ಬೇಕು. ವರ್ಷಕ್ಕೆ ಬರುವ ಲವಣ 33 ಲಕ್ಷ ಟನ್ನಿಗೂ ಜಾಸ್ತಿ. ಇಡೀ ಭಾರತದ ಉಪ್ಪಿನ ಉತ್ಪಾದನೆಯೇ ಸುಮಾರು 3 ಕೋಟಿ ಟನ್. ಯಾರು ಕೊಳ್ಳುತ್ತಾರೆ? ಪ್ಲಾಂಟ್ ಚಿಕ್ಕದಿದ್ದು ಪಕ್ಕದಲ್ಲೇ ಆಗರ ಇದ್ದರೆ ಮಾತು ಬೇರೆ. ಇಸ್ರೇಲಿನ ಈಲಾಟ್‌ನಲ್ಲಿ ರಿಜೆಕ್ಟನ್ನು ಉಪ್ಪಿನ ಆಗರಕ್ಕೆ ಕಳಿಸುತ್ತಾರೆ. ದೊಡ್ಡ ಪ್ಲಾಂಟಿಗೆ ಸಮುದ್ರವೇ ದಾರಿ. ಹೇಗೆ ಬಿಡುತ್ತೀರಿ ಅನ್ನುವುದೇ ನಿಜವಾದ ಪ್ರಶ್ನೆ.

ರಿಜೆಕ್ಟ್ ಸಮುದ್ರದ ನೀರಿಗಿಂತ ಘನ ಮೀಟರಿಗೆ ಸುಮಾರು 20 ಕಿಲೋ ಭಾರ. ಸುಮ್ನೆ ದಡದಲ್ಲಿ ಸುರಿದರೆ ನೀರಿನ ಲೋಟಕ್ಕೆ ಬೆಲ್ಲದ ಪಾಕ ಹಾಕಿದ ಹಾಗೆ ತಳಕ್ಕೆ ಇಳಿದು, ಇಳಿಜಾರು ಇರುವ ಕಡೆ ತೆವಳುತ್ತಾ ಹೋಗುತ್ತದೆ. ತಳದಲ್ಲಿ ಬದುಕುವ ಹುಲ್ಲು, ಚಿಪ್ಪು, ಹುಳುಗಳಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಅದಕ್ಕೆ ಸಮುದ್ರದ ತಳದಲ್ಲಿ ದೂರದವರೆಗೆ ಪೈಪ್ ಎಳೆದು, ಕೊನೆಯಲ್ಲಿ ಡಿಫ್ಯೂಸರ್ ಕೂರಿಸಿರುತ್ತಾರೆ. ಅದರ ಬಾಯಿಗಳು ಸುಮಾರು 60 ಡಿಗ್ರಿ ಓರೆಯಾಗಿ ಮೇಲಕ್ಕೆ ನೋಡುತ್ತವೆ. ರಿಜೆಕ್ಟ್ ಜೋರಾಗಿ ಚಿಮ್ಮಿ, ಮೇಲೇರಿ, ತಿರುಗಿ ಬೀಳುವಷ್ಟರಲ್ಲಿ ಸುತ್ತಲಿನ ನೀರನ್ನು ಎಳೆದುಕೊಂಡು ಬೆರೆಯಬೇಕು. ನಮ್ಮ ರಿಜೆಕ್ಟ್‌ನಲ್ಲಿ ಹೆಚ್ಚಿಗೆ ಇರುವುದು 25 ಗ್ರಾಂ. ಅದನ್ನು 1 ಗ್ರಾಂಗೆ ಇಳಿಸಲು 25 ಪಟ್ಟು ಬೆರೆಯಬೇಕು. ಕ್ಯಾಲಿಫೋರ್ನಿಯಾ 2015ರಲ್ಲಿ ತಂದ ನಿಯಮದಲ್ಲಿ 100 ಮೀಟರ್ ದೂರದಲ್ಲಿ ಏರಿಕೆ 2 ಗ್ರಾಂ ಮೀರಬಾರದು. ಅದಕ್ಕೆ 12-13 ಪಟ್ಟು ಸಾಕು.

ಇಲ್ಲಿ ಹೊಸಬರಿಗೆ ವಿಚಿತ್ರ ಅನಿಸುವ ಒಂದು ಸಂಗತಿ ಇದೆ. ಪ್ಲಾಂಟ್ ಅರ್ಧ ಓಡುವಾಗ ರಿಜೆಕ್ಟ್ ಅರ್ಧ ಆಗುತ್ತದೆ, ಸಮುದ್ರಕ್ಕೆ ಒಳ್ಳೆಯದು ಅಂದುಕೊಳ್ಳುತ್ತಾರೆ. ಆದರೆ ಹರಿವು ಕಡಿಮೆಯಾದರೆ ಬಾಯಿಂದ ಚಿಮ್ಮುವ ವೇಗವೂ ಕಡಿಮೆ, ಬೆರೆಯುವುದೂ ಕಡಿಮೆ. ಬಾತುಕೋಳಿಯ ಕೊಕ್ಕಿನಂತಿರುವ ರಬ್ಬರ್ ವಾಲ್ವ್‌ಗಳು ಹರಿವು ತಗ್ಗಿದಾಗ ಬಾಯಿ ಕಿರಿದು ಮಾಡಿಕೊಂಡು ಸ್ವಲ್ಪ ಸರಿದೂಗಿಸುತ್ತವೆ. ಸಾಲದೆ ಹೋದರೆ ಸಮುದ್ರದ ನೀರನ್ನೇ ನೇರ ಚೇಂಬರಿಗೆ ಬಿಟ್ಟು ಹರಿವು ಹೆಚ್ಚಿಸುತ್ತೇವೆ. ಇದು ಉಚಿತವಲ್ಲ. ಪಂಪಿಗೆ ಕರೆಂಟ್ ಬೇಕು, ಸಮುದ್ರದ ನೀರು ಒಳಗೆ ಎಳೆಯುವ ಇನ್‌ಟೇಕ್‌ನಲ್ಲಿ ಇನ್ನಷ್ಟು ಮೀನಿನ ಮೊಟ್ಟೆ ಮರಿಗಳೂ ಎಳೆದುಕೊಂಡು ಬರುತ್ತವೆ.

ಡಿಫ್ಯೂಸರ್ ಕೆಟ್ಟಿದ್ದು ಹೇಗೆ ಗೊತ್ತಾಗುತ್ತದೆ? ಚೇಂಬರಿನ ನೀರಿನ ಮಟ್ಟ ನೋಡಿ ಅಂತ ಕಲಿಸುತ್ತಾರೆ. ಬಾಯಿ ಕಟ್ಟಿದರೆ ಮಟ್ಟ ಏರುತ್ತದೆ, ವಾಲ್ವ್ ಹರಿದರೆ ಇಳಿಯುತ್ತದೆ. ನಮ್ಮಲ್ಲಿ ಒಂದು ಬೇಸಿಗೆಯಲ್ಲಿ ಮಟ್ಟ ಸರಿಯಾಗಿಯೇ ಇತ್ತು. ದೋಣಿಯಲ್ಲಿ ಹೋಗಿ ಮೇಲಿನ ನೀರು ಹಿಡಿದಾಗ ಅದೂ 37 ಗ್ರಾಂ, ಎಲ್ಲ ಸರಿ. ಆದರೆ ಮೇಲಿನ ನೀರು ಹಿಡಿದು ಬ್ರೈನ್ ಹುಡುಕುವುದರಲ್ಲಿ ಅರ್ಥವಿಲ್ಲ, ಅದು ಇರುವುದೇ ತಳದಲ್ಲಿ. ಉಪ್ಪು, ಉಷ್ಣತೆ, ಆಳ ಅಳೆಯುವ ಸಿಟಿಡಿಯನ್ನು ತಳದಿಂದ ಅರ್ಧ ಮೀಟರ್ ಮೇಲಿನವರೆಗೆ ಇಳಿಸಿದೆವು. ಆಳದ ಕಡೆಗಿನ ಇಳಿಜಾರಿನಲ್ಲಿ 100 ಮೀಟರ್ ದೂರದಲ್ಲಿ 40 ಗ್ರಾಂ ತೋರಿಸಿತು. ಉಳಿದ ಮೂರು ದಿಕ್ಕಿನಲ್ಲಿ ಏರಿಕೆ ಒಂದು ಗ್ರಾಂ ಒಳಗೇ ಇತ್ತು.

ಡೈವರ್ ಇಳಿದು ವಿಡಿಯೋ ತಂದ. ಹಲವು ಬಾಯಿಗಳ ಸುತ್ತ ಬಾರ್ನಕಲ್ ಚಿಪ್ಪುಗಳು ಕಟ್ಟಿಕೊಂಡು ವಾಲ್ವ್ ತೆರೆಯುತ್ತಲೇ ಇರಲಿಲ್ಲ. ತುದಿಯ ಒಂದು ವಾಲ್ವ್ ಕಿತ್ತುಹೋಗಿ, ಅಲ್ಲಿಂದ ರಿಜೆಕ್ಟ್ ದೊಡ್ಡ ಧಾರೆಯಾಗಿ ನಿಧಾನಕ್ಕೆ ಬಂದು ಪಕ್ಕದಲ್ಲೇ ಕುಸಿಯುತ್ತಿತ್ತು. ಒಂದು ದೋಷ ಮಟ್ಟ ಏರಿಸಿದರೆ ಇನ್ನೊಂದು ಇಳಿಸಿತ್ತು. ಚೇಂಬರಿನಲ್ಲಿ ಏನೂ ಕಾಣದೆ ಇದ್ದದ್ದು ಹೀಗೆ.

ಚಿಪ್ಪು ಕೆರೆದು, ಹೊಸ ವಾಲ್ವ್ ಹಾಕಿ ಮತ್ತೆ ಅಳೆದಾಗ ಅದೇ ಜಾಗದಲ್ಲಿ ಏರಿಕೆ ಒಂದು ಗ್ರಾಂಗಿಂತ ಕೆಳಗಿಳಿಯಿತು. ಗಾಳಿ, ಅಲೆ ಎರಡೂ ಇಲ್ಲದ ದಿನ ಮಾತ್ರ ಇಳಿಜಾರಿನ ಕಡೆ ಇನ್ನೂ ಒಂದೂವರೆಯವರೆಗೆ ಹೋಗುತ್ತದೆ. ಅಂಥ ದಿನ ಪ್ಲಾಂಟ್ ಅರ್ಧ ಓಡುತ್ತಿದ್ದರೆ ಸಮುದ್ರದ ನೀರನ್ನು ನೇರ ಚೇಂಬರಿಗೆ ಬಿಡಬೇಕು ಅಂತ ಶಿಫ್ಟ್ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಮಂಗಳೂರಿನ ತಣ್ಣೀರುಬಾವಿಯಲ್ಲಿ ಎಂಆರ್‌ಪಿಎಲ್ ಇಂಥದ್ದೇ ಪ್ಲಾಂಟ್ ಕಟ್ಟಿದೆ. ಅಲ್ಲಿ ಮಳೆಗಾಲದಲ್ಲಿ ನದಿನೀರು ಸೇರಿ ಕಡಲಿನ ಉಪ್ಪೇ ಇಳಿಯುವುದರಿಂದ, ಹೋಲಿಸಿ ನೋಡುವ ಮೂಲ ಅಳತೆಯನ್ನು ಋತುವಿಗೊಮ್ಮೆ ಬೇರೆಯಾಗಿಯೇ ತೆಗೆಯಬೇಕಾಗುತ್ತದೆ. ನಮ್ಮ ಒಮಾನ್ ಕಡೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಅಂಕಿ ಸಾಕು.