ಎರಡು ಕಾಲಮ್ಮಿನ ಹಳೇ ಮಾಸಪತ್ರಿಕೆ ಓಸಿಆರ್ ಮಾಡಿದ್ದು: ಒತ್ತಕ್ಷರ ಎಲ್ಲಿ ಕಳೆದುಹೋಗತ್ತೆ

ಹಳೇ ಕನ್ನಡ ಪುಸ್ತಕ ಓಸಿಆರ್ ಮಾಡಿ, ಅಂದ್ರೆ ಸ್ಕ್ಯಾನ್ ಚಿತ್ರದಿಂದ ಕಂಪ್ಯೂಟರ್ ಹತ್ರ ಅಕ್ಷರ ಓದಿಸಿ, ಕಸ ಬಂತು ಅಂದ ತಕ್ಷಣ ಎಲ್ರೂ ಅಕ್ಷರ ಗುರುತಿಸೋ ಎಂಜಿನ್ನನ್ನೇ ಬೈತಾರೆ. ನಾನು ಕೈ ಹಾಕಿದ್ದು 1930ರ ದಶಕದ ಒಂದು ಮಾಸಪತ್ರಿಕೆಯ ಬೈಂಡು ಮಾಡಿದ ಸಂಪುಟಕ್ಕೆ, ಪುಟಕ್ಕೆ ಎರಡು ಕಾಲಮ್ಮು, ಮಧ್ಯೆ ಸಣ್ಣ ಖಾಲಿ ಜಾಗ, ಅಚ್ಚಿನ ಮೊಳೆ ಸವೆದು ಹೋಗಿತ್ತು, ಇಂಕು ಕೆಲವು ಕಡೆ ಕಂದು ಬಣ್ಣಕ್ಕೆ ತಿರುಗಿತ್ತು. ಅದರಲ್ಲಿ ಗೊತ್ತಾಗಿದ್ದೇನಂದ್ರೆ ತಪ್ಪುಗಳಲ್ಲಿ ಹೆಚ್ಚಿನವು ಅಕ್ಷರ ಓದೋ ಹಂತಕ್ಕೆ ಬರೋ ಮುಂಚೆನೇ ಆಗಿಬಿಟ್ಟಿರ್ತವೆ. ಕಾಲಮ್ಮು ಬೇರೆ ಮಾಡೋವಾಗ ಒಂದಷ್ಟು, ಸಾಲು ಕತ್ತರಿಸೋವಾಗ ಇನ್ನೊಂದಷ್ಟು.

ಮೊದಲು ಸ್ಕ್ಯಾನ್ ವಿಷ್ಯ. ಆನ್‌ಲೈನಲ್ಲಿ ಸಿಗೋ ಎಷ್ಟೋ ಹಳೇ ಸ್ಕ್ಯಾನುಗಳು ಬರೀ ಕಪ್ಪು ಇಲ್ಲಾ ಬಿಳುಪು, ಮಧ್ಯದ ಬೂದು ಛಾಯೆನೇ ಇರಲ್ಲ, ಅಂಥದ್ರಲ್ಲಿ ಮಾಸಿದ ಒತ್ತು ಒಂದ್ಸಲ ಬಿಳಿ ಆಯ್ತು ಅಂದ್ರೆ ಮುಗೀತು, ಏನು ಮಾಡಿದ್ರೂ ವಾಪಸ್ ಬರಲ್ಲ. ಅದಕ್ಕೇ ಪುಸ್ತಕ ಕೈಯಲ್ಲಿದ್ರೆ 300 ಡಿಪಿಐ ಗ್ರೇಸ್ಕೇಲಲ್ಲಿ ನಾವೇ ಸ್ಕ್ಯಾನ್ ಮಾಡ್ಕೊಳ್ಳೋದು ವಾಸಿ, ಅಕ್ಷರ ಸಣ್ಣದಿದ್ರೆ 400. ಜೆಪೆಗ್ ಬೇಡ, ಪಿಎನ್‌ಜಿ ಇಲ್ಲಾ ಟಿಫ್ ಇಟ್ಕೊಳ್ಳಿ.

ಕಾಲಮ್ಮು ಬೇರೆ ಮಾಡೋದು ನಾನು ಬಳಸಿದ ಓಸಿಆರ್ ಎಂಜಿನ್ ಟೆಸೆರಾಕ್ಟ್‌ಗೇ ಬಿಟ್ರೆ ಚೆನ್ನಾಗಿರೋ ಪುಟದಲ್ಲಿ ಸರಿಯಾಗೇ ಮಾಡತ್ತೆ, ಆದ್ರೆ ಎಡಗಡೆ ಸಾಲಿನ ಕೊನೇ ಒತ್ತು ಬಲಕ್ಕೆ ಚಾಚಿಕೊಂಡು ಮಧ್ಯದ ಜಾಗ ಕಿರಿದಾದ ಕಡೆ ಎರಡೂ ಕಾಲಮ್ಮಿನ ಸಾಲು ಸೇರಿಸಿ ಒಂದೇ ವಾಕ್ಯ ಮಾಡಿಬಿಡತ್ತೆ, ಓದಿದ್ರೆ ಅರ್ಧ ವ್ಯವಸಾಯದ ಲೇಖನ ಅರ್ಧ ಪುರಾಣ. ನಾನು ಮಾಡೋದು ಸರಳ: ಪುಟದ ಮಧ್ಯದ ಮೂರನೇ ಒಂದು ಭಾಗ ಮಾತ್ರ ತಗೊಂಡು, ಮೇಲಿಂದ ಕೆಳಕ್ಕೆ ಒಂದೊಂದು ಪಿಕ್ಸೆಲ್ ಪಟ್ಟಿಯಲ್ಲೂ ಎಷ್ಟು ಕಪ್ಪಿದೆ ಅಂತ ಎಣಿಸಿ, ಅತಿ ಕಮ್ಮಿ ಇರೋ ಕಡೆ ಕತ್ತರಿಸೋದು. ಮಧ್ಯೆ ಗೀಟು ಎಳೆದಿದ್ರೆ ಆ ಎಣಿಕೆಯಲ್ಲಿ ಎರಡು ತಗ್ಗಿನ ನಡುವೆ ಒಂದು ಚೂಪು ಏರು ಕಾಣತ್ತೆ, ಆ ಗೀಟನ್ನ ಬಿಟ್ಟೇ ಕತ್ತರಿಸಬೇಕು, ಇಲ್ಲಾಂದ್ರೆ ಪ್ರತಿ ಸಾಲಿನ ಕೊನೇಲೂ ಒಂದು ದಂಡ ಬಂದು ಕೂರತ್ತೆ.

ಇದು ಕೆಲಸ ಮಾಡಬೇಕಾದ್ರೆ ಪುಟ ನೆಟ್ಟಗಿರಬೇಕು. ಲೆಕ್ಕ ಹಾಕಿ ನೋಡಿ, 300 ಡಿಪಿಐನಲ್ಲಿ 8 ಇಂಚು ಎತ್ತರದ ಕಾಲಮ್ಮು ಅಂದ್ರೆ 2400 ಪಿಕ್ಸೆಲ್, ಬರೀ 1 ಡಿಗ್ರಿ ವಾಲಿದ್ರೂ ಮೇಲಿಂದ ಕೆಳಗೆ ಬರೋಷ್ಟರಲ್ಲಿ ಸುಮಾರು 42 ಪಿಕ್ಸೆಲ್ ಪಕ್ಕಕ್ಕೆ ಸರಿದಿರತ್ತೆ. ಕಾಲಮ್ಮುಗಳ ನಡುವಿನ ಜಾಗ 4 ಮಿಲಿಮೀಟರ್ ಇದ್ರೆ ಅದು 47 ಪಿಕ್ಸೆಲ್. ಅಂದ್ರೆ ತಗ್ಗು ಅನ್ನೋದೇ ಉಳಿಯಲ್ಲ. ಹಂಗಾಗಿ ಸ್ಕ್ಯಾನ್ ಪುಟ ತಿದ್ದೋ ತಂತ್ರಾಂಶ ಸ್ಕ್ಯಾನ್‌ಟೈಲರಲ್ಲಿ ಮೊದಲು ನೆಟ್ಟಗೆ ಮಾಡಿ, ಆಮೇಲೆ ಕತ್ತರಿ. ಎರಡೂ ಕಾಲಮ್ಮಿಗೆ ಅಡ್ಡಲಾಗಿ ಬರೋ ಶೀರ್ಷಿಕೆ, ಜಾಹೀರಾತು ಇವನ್ನ ಕೈಯಲ್ಲೇ ಬೇರೆ ಮಾಡಿದೆ.

ಆಮೇಲೆ ಒಂದೊಂದೇ ಕಾಲಮ್ಮು ಹೀಗೆ ಓಡಿಸಿದೆ:

```
tesseract p045_L.png p045_L -l kan --psm 6 -c thresholding_method=2
```

`--psm 6` ಅಂದ್ರೆ ಇದು ಒಂದೇ ಬ್ಲಾಕು, ಕಾಲಮ್ಮು ಹುಡುಕೋಕೆ ಹೋಗಬೇಡ ಅಂತ. ಕೊನೇದು ಟೆಸೆರಾಕ್ಟ್ 5ರಲ್ಲಿ ಬಂದಿದ್ದು, ಪುಟಕ್ಕೆಲ್ಲ ಒಂದೇ ಗಡಿ ಹಾಕಿ ಕಪ್ಪು ಬಿಳುಪು ಮಾಡೋ ಓಟ್ಸು ವಿಧಾನದ ಬದಲು ಸುತ್ತಮುತ್ತಲ ಛಾಯೆ ನೋಡಿ ಅಲ್ಲಲ್ಲೇ ಗಡಿ ಹಾಕೋ ಸೌವೊಲ ವಿಧಾನ. ಮಾಸಿದ ಕಡೆ ಒತ್ತುಗಳು ಉಳ್ಕೊಳ್ಳತ್ತೆ. ಆದ್ರೆ ಕಾಗದ ತೆಳು ಇದ್ದು ಹಿಂದಿನ ಪುಟದ ಅಚ್ಚು ಈಕಡೆ ಕಾಣ್ತಿದ್ರೆ ಇದೇ ವಿಧಾನ ಆ ನೆರಳನ್ನೂ ಅಕ್ಷರ ಅಂತ ಎತ್ಕೊಂಡು ಬರತ್ತೆ, ಅಂಥ ಪುಟಕ್ಕೆ ಓಟ್ಸುನೇ ಸರಿ. ಸ್ಕ್ಯಾನ್ ಮಾಡೋವಾಗ ಹಿಂದೆ ಕಪ್ಪು ಹಾಳೆ ಇಟ್ರೆ ಈ ಕಾಟ ಎಷ್ಟೋ ಕಮ್ಮಿ.

ಈಗ ಸಾಲಿನ ವಿಷ್ಯ, ನಂಗೆ ಅತಿ ಹೆಚ್ಚು ತಲೆ ತಿಂದಿದ್ದು ಇದೇ. ಕನ್ನಡದಲ್ಲಿ ಒತ್ತುಗಳು ಸಾಲಿನ ಕೆಳಗೆ ನೇತಾಡ್ತವೆ, ಮೊಳೆ ಸವೆದಾಗ ಅಕ್ಷರಕ್ಕೂ ಒತ್ತಿಗೂ ಇದ್ದ ತೆಳು ಸಂಬಂಧ ಕಡಿದು ಹೋಗತ್ತೆ, ಆಗ ಎಂಜಿನ್ ಆ ಒತ್ತುಗಳನ್ನೆಲ್ಲ ಸೇರಿಸಿ ಬೇರೆಯೇ ಒಂದು ಸಾಲು ಅಂದ್ಕೊಳ್ಳತ್ತೆ. ಪತ್ತೆ ಮಾಡೋದು ಸುಲಭ: ಪುಟದಲ್ಲಿ 38 ಸಾಲಿದ್ದು ಔಟ್‌ಪುಟ್ಟಲ್ಲಿ 43 ಬಂದಿದ್ರೆ, ಹೆಚ್ಚುವರಿ ಸಾಲುಗಳು ಗಿಡ್ಡವಾಗಿ ಅರ್ಥ ಇಲ್ಲದ ಚೂರುಗಳಿಂದ ತುಂಬಿದ್ರೆ, ಅವು ಮೇಲಿನ ಸಾಲಿನ ಒತ್ತುಗಳೇ. ಅಂಥ ಕಾಲಮ್ಮುಗಳಿಗೆ ಸಾಲುಗಳನ್ನ ನಾನೇ ಕತ್ತರಿಸಿದೆ, ಕೆಳಗಡೆ ಒತ್ತಿಗೆ ಧಾರಾಳವಾಗಿ ಜಾಗ ಬಿಟ್ಟು, ಒಂದೊಂದು ಸಾಲನ್ನೂ `--psm 7` ಕೊಟ್ಟು ಓಡಿಸಿದೆ. ನಿಧಾನ, ಆದ್ರೆ ಫಲಿತಾಂಶ ನೋಡಿದ್ರೆ ಹೊಟ್ಟೆ ತಣ್ಣಗಾಗತ್ತೆ.

ಇಷ್ಟಾದ ಮೇಲೂ ಉಳಿಯೋ ತಪ್ಪುಗಳಲ್ಲಿ ಎರಡು ಜಾತಿ ಇದೆ. ಇಂಕು ಸರಿಯಾಗಿ ಹತ್ತದೆ ಮಾಸಿದ್ರೆ ಅಕ್ಕಪಕ್ಕದ ಅಕ್ಷರಗಳೂ ಒಟ್ಟಿಗೆ ಮಾಸಿರ್ತವೆ. ಮೊಳೆನೇ ಒಡೆದಿದ್ರೆ ಅಕ್ಕಪಕ್ಕ ಗಾಢವಾಗಿದ್ದು ಒಂದೇ ಅಕ್ಷರದಲ್ಲಿ ಬಿರುಕು, ಅದೇ ಮೊಳೆಯನ್ನ ಬಿಚ್ಚಿ ಮತ್ತೆ ಜೋಡಿಸ್ತಿದ್ರಲ್ಲ, ಹಂಗಾಗಿ ಬೇರೆ ಪುಟದಲ್ಲೂ ಆ ಅಕ್ಷರದ ಅದೇ ಜಾಗದಲ್ಲಿ ಅದೇ ಬಿರುಕು ಸಿಗತ್ತೆ. ಮೊದಲನೇದಕ್ಕೆ ಕಪ್ಪು ಬಿಳುಪಿನ ಗಡಿ ಬದಲಿಸಿದ್ರೆ ಉಪಯೋಗ ಇದೆ, ಎರಡನೇದಕ್ಕೆ ಇಲ್ಲ, ಅಲ್ಲಿ ಅರ್ಥ ನೋಡಿನೇ ತಿದ್ದಬೇಕು.

ತಿದ್ದೋವಾಗ ಕೈ ಕೊಡೋದು ಕಾಗುಣಿತ ತಪ್ಪಾಗಿ ಕಾಣೋ ಪದಗಳಲ್ಲ. ‘ರಾಷ್ಟ್ರ’ ಹೋಗಿ ‘ರಾಷ್ಟ’ ಆಗಿದ್ರೆ, ‘ವಿದ್ಯಾಭ್ಯಾಸ’ ಹೋಗಿ ‘ವಿದಾಬಾಸ’ ಆಗಿದ್ರೆ ಸ್ಪೆಲ್‌ಚೆಕ್ಕೇ ಹಿಡಿಯತ್ತೆ. ಒತ್ತು ಬಿದ್ದು ‘ಕತ್ತೆ’ ಹೋಗಿ ‘ಕತೆ’ ಆದ್ರೆ, ‘ಹಳ್ಳಿ’ ‘ಹಳಿ’ ಆದ್ರೆ ಯಾರೂ ಹಿಡಿಯಲ್ಲ. ದ-ಧ, ಡ-ಢ ಕಥೆನೂ ಅಷ್ಟೇ, ಹೊಟ್ಟೆ ಸೀಳೋ ಸಣ್ಣ ಗೆರೆ ಇಂಕು ತುಂಬಿ ಮುಚ್ಚಿಹೋಗಿರತ್ತೆ. ನಾನು ಇಂಥ ಜೋಡಿಗಳ ಒಂದು ಪಟ್ಟಿ ಇಟ್ಕೊಂಡು, ಆ ಪದ ಬಂದ ಕಡೆಯೆಲ್ಲ ಬಣ್ಣ ಹಚ್ಚಿ, ಚಿತ್ರ ಪಕ್ಕದಲ್ಲಿಟ್ಟು ನೋಡಿದೆ.

ಒಂದನ್ನ ಮಾತ್ರ ಕೋಡಿಗೆ ಬಿಡಬಹುದು, ಅರ್ಕಾವತ್ತು. ನೋಡೋಕೆ ಕನ್ನಡದ ಒಂಬತ್ತರ ಥರನೇ ಇರೋದ್ರಿಂದ ‘ಧರ್ಮ’ ಅನ್ನೋದು ‘ಧಮ೯’ ಅಂತ, ‘ಕಾರ್ಯ’ ಅನ್ನೋದು ‘ಕಾಯ೯’ ಅಂತ ಬರತ್ತೆ.

```python
import re
s = re.sub(r'([\u0C95-\u0CB9](?:\u0CCD[\u0C95-\u0CB9])*[\u0CBE-\u0CCC]?)೯',
           r'ರ್\1', s)
```

ಇಲ್ಲಿ `s` ಅಂದ್ರೆ ಓಸಿಆರ್ ಕೊಟ್ಟ ಪಠ್ಯ. ಒಂಬತ್ತರ ಹಿಂದೆ ಅಂಕಿ ಇದ್ರೆ ಇದು ಮುಟ್ಟಲ್ಲ, ಹಂಗಾಗಿ ೧೯೩೫ ಅನ್ನೋ ಇಸವಿ ಹಂಗೇ ಉಳಿಯತ್ತೆ. ಆದ್ರೆ ‘ಪು೯’ ಅಂತ ಜಾಗ ಬಿಡದೆ ಪುಟದ ಸಂಖ್ಯೆ ಹಾಕಿದ್ರೆ ಅದನ್ನ ‘ರ್ಪು’ ಮಾಡಿ ಇಡತ್ತೆ, ವಿಷಯಸೂಚಿ ಪುಟಗಳ ಮೇಲೆ ಇದನ್ನ ಓಡಿಸಬೇಡಿ.