ಚೌಕಕ್ಕೊಂದು ಅಂಕಿ: ಅರ್ಜಿಯ ಸಾಲಿನಿಂದ ಶುದ್ಧ ಕಾಲಂವರೆಗೆ

ಬ್ಯಾಂಕಿನ ಖಾತೆ ಅರ್ಜಿ, ಸಹಕಾರ ಸಂಘದ ಸದಸ್ಯತ್ವ, ಶಾಲಾ ದಾಖಲಾತಿ, ಹೀಗೆ ಯಾವ ನಮೂನೆ ತೆಗೆದರೂ ಮೊಬೈಲ್ ಸಂಖ್ಯೆಗೆ ಹತ್ತು ಚೌಕ, ಪಿನ್‌ಕೋಡಿಗೆ ಆರು, ಹುಟ್ಟಿದ ದಿನಾಂಕಕ್ಕೆ ಎಂಟು ಚೌಕ ಇರುತ್ತವೆ. ಚೌಕ ಹಾಕಿಕೊಟ್ಟ ಮೇಲೆ ಅಂಕಿ ಓದುವುದು ಸುಲಭ ಎಂದು ಕಾಣುತ್ತದೆ. ಆದರೆ ಕೆಲಸ ಕೆಡುವುದು ಹೆಚ್ಚಾಗಿ ಅಂಕಿಯನ್ನು ಗುರುತಿಸುವ ಹಂತದಲ್ಲಲ್ಲ, ಅದಕ್ಕೂ ಮೊದಲು. ಯಾವ ಶಾಯಿ ಯಾವ ಚೌಕಕ್ಕೆ ಸೇರಿದ್ದು ಎಂಬುದು ತಪ್ಪಿದರೆ, ಮುಂದೆ ಎಂಥ ತಂತ್ರಾಂಶ ಇದ್ದರೂ ಪ್ರಯೋಜನವಿಲ್ಲ.

ಬೆಂಗಳೂರಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ 2,000 ಸದಸ್ಯರ ಅರ್ಜಿಗಳಿವೆ ಎಂದಿಟ್ಟುಕೊಳ್ಳೋಣ. ಮೊಬೈಲ್ ಸಾಲಿನ ಪ್ರತಿ ಚೌಕ 6 ಮಿಲಿಮೀಟರ್ ಅಗಲ. ಒಂದೊಂದು ಅಂಕಿಯನ್ನು 99% ಸರಿಯಾಗಿ ಓದಿದರೂ ಹತ್ತೂ ಅಂಕಿ ಒಟ್ಟಿಗೆ ಸರಿಯಾಗುವ ಸಾಧ್ಯತೆ 0.99ರ ಹತ್ತನೇ ಘಾತ, ಅಂದರೆ ಸುಮಾರು 90%. 2,000 ಸಂಖ್ಯೆಗಳಲ್ಲಿ 190ರಷ್ಟು ತಪ್ಪು. ಆ 190 ಯಾವುವು ಎಂದು ತಿಳಿಯದಿರುವುದು ತಪ್ಪಿಗಿಂತ ದೊಡ್ಡ ತೊಂದರೆ. ಆದ್ದರಿಂದ ಎಲ್ಲವನ್ನೂ ಓದಿಬಿಡುವ ಹಟ ಬೇಡ. ಅನುಮಾನ ಇರುವಲ್ಲಿ ಅನುಮಾನ ಎಂದೇ ಬರೆದಿಡುವಂತೆ ಕೆಲಸವನ್ನು ಜೋಡಿಸಿಕೊಳ್ಳಬೇಕು.

ಸ್ಕ್ಯಾನ್: ಬಣ್ಣದಲ್ಲಿ, 300 ಡಿಪಿಐ

ಎ4 ಹಾಳೆ 300 ಡಿಪಿಐಯಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ, 2480 × 3508 ಪಿಕ್ಸೆಲ್ ಆಗುತ್ತದೆ. 6 ಮಿ.ಮೀ. ಚೌಕ ಸುಮಾರು 71 ಪಿಕ್ಸೆಲ್, ಬಾಲ್‌ಪೆನ್ನಿನ ಅರ್ಧ ಮಿ.ಮೀ. ಗೆರೆ 6 ಪಿಕ್ಸೆಲ್. ಇಷ್ಟು ಸಾಕು. 150 ಡಿಪಿಐಗೆ ಇಳಿಸಿದರೆ ಗೆರೆ 3 ಪಿಕ್ಸೆಲ್‌ಗೆ ಬಂದು, ತೆಳುವಾಗಿ ಬರೆದ 8ರ ಸೊಂಟ ಕಡಿದುಹೋಗುತ್ತದೆ.

ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿ ಕಡತದ ಗಾತ್ರ ಉಳಿಸುವ ಆಸೆ ಬೇಡ. ಅಚ್ಚಾದ ಗೆರೆಯನ್ನೂ ಪೆನ್ನಿನ ಗೆರೆಯನ್ನೂ ಬೇರ್ಪಡಿಸಲು ಇರುವ ಒಳ್ಳೆಯ ಆಧಾರ ಬಣ್ಣವೇ. ಚೌಕಗಳನ್ನು ತಿಳಿ ಕೆಂಪಿನಲ್ಲಿ ಅಚ್ಚು ಹಾಕಿಸಿದ್ದರೆ ಚಿತ್ರದ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣದ ಪದರಗಳಲ್ಲಿ ಕೆಂಪು ಪದರ ಒಂದನ್ನೇ ತೆಗೆದುಕೊಳ್ಳಿ. ಕೆಂಪು ಗೆರೆ ಬಿಳಿ ಕಾಗದದಲ್ಲಿ ಕರಗಿಹೋಗಿ, ನೀಲಿ ಅಥವಾ ಕಪ್ಪು ಬರಹ ಮಾತ್ರ ಉಳಿಯುತ್ತದೆ. ನಮ್ಮಲ್ಲಿ ಹೆಚ್ಚಿನ ಅರ್ಜಿಗಳು ಮೂಲೆಯ ಜೆರಾಕ್ಸ್ ಅಂಗಡಿಯಿಂದ ಬಂದ ಕಪ್ಪು ಪ್ರತಿಗಳು. ಅವಕ್ಕೆ ನೀಲಿ ಪೆನ್ನಿನಲ್ಲೇ ತುಂಬಬೇಕು ಎಂಬ ಸೂಚನೆ ಕೊಟ್ಟು, ನೀಲಿ ಪದರದಿಂದ ಕೆಂಪು ಪದರವನ್ನು ಕಳೆಯಬೇಕು. ಪೈಥಾನ್ ಭಾಷೆಯಲ್ಲಿ, ಚಿತ್ರ ಸಂಸ್ಕರಣೆಯ ಓಪನ್‌ಸಿವಿ ತಂತ್ರಾಂಶದಿಂದ ತೆರೆದ ಸ್ಕ್ಯಾನ್ `img` ಎಂದಿದ್ದರೆ ಹೀಗೆ:

```python
d = cv2.subtract(img[:, :, 0], img[:, :, 2])
ink = (d > 40).astype("uint8") * 255
```

ಬಿಳಿ ಕಾಗದದಲ್ಲೂ ಕಪ್ಪು ಅಚ್ಚಿನಲ್ಲೂ ಎರಡು ಪದರಗಳ ಬೆಲೆ ಹತ್ತಿರ ಹತ್ತಿರ ಒಂದೇ ಇರುವುದರಿಂದ ಕಳೆದರೆ ಸೊನ್ನೆಯ ಆಸುಪಾಸು. ನೀಲಿ ಶಾಯಿ ಮಾತ್ರ ಎದ್ದು ಬರುತ್ತದೆ. 40 ಎಂಬ ಮಿತಿಯನ್ನು ನಿಮ್ಮ ಸ್ಕ್ಯಾನರಿನಲ್ಲಿ ಇಪ್ಪತ್ತು ಹಾಳೆ ಹಾಕಿ ನೋಡಿ ಹೊಂದಿಸಿಕೊಳ್ಳಿ. ಇಲ್ಲಿ ಓಟ್ಸು ವಿಧಾನದ ತಾನೇತಾನಾದ ಮಿತಿ ಬಳಸಬಾರದು. ಸಾಲು ಖಾಲಿಯಿದ್ದರೂ ಅದು ಚಿತ್ರವನ್ನು ಎರಡು ಪಾಲು ಮಾಡಿಯೇ ತೀರುತ್ತದೆ, ಕಾಗದದ ಧೂಳೆಲ್ಲ ಬರಹವಾಗಿಬಿಡುತ್ತದೆ.

ತುಂಬಿದ ಅರ್ಜಿಯ ಕಪ್ಪು-ಬಿಳುಪು ಜೆರಾಕ್ಸ್ ಬಂದರೆ ಈ ದಾರಿ ಮುಚ್ಚಿತು. ಉದ್ದ ಗೆರೆಗಳನ್ನು ಹುಡುಕಿ ಅಳಿಸುವ ವಿಧಾನವೊಂದಿದೆ. ಆದರೆ ಚೌಕದ ಗೆರೆಗೆ ಅಂಟಿಕೊಂಡು ಬರೆದ 1 ಕೂಡ ಗೆರೆಯೊಂದಿಗೇ ಅಳಿಸಿಹೋಗುತ್ತದೆ. ಅಂಥ ಹಾಳೆಗಳನ್ನು ಪಕ್ಕಕ್ಕಿಟ್ಟು ಕೈಯಲ್ಲಿ ಟೈಪ್ ಮಾಡಿಸುವುದೇ ಲೇಸು.

ಚೌಕ ಎಲ್ಲಿದೆ?

ಅರ್ಜಿಯನ್ನು ಮುದ್ರಿಸುವಾಗ ಪ್ರಿಂಟರಿನಲ್ಲಿ ‘ಫಿಟ್’ ಆಯ್ಕೆಯಾಗಿದ್ದರೆ ಪುಟ ಕುಗ್ಗುತ್ತದೆ. ಎಡ ಅಂಚಿನತ್ತಲೇ 97%ಗೆ ಕುಗ್ಗಿತು ಎನ್ನಿ. ಎಡ ಅಂಚಿನಿಂದ 160 ಮಿ.ಮೀ. ದೂರದಲ್ಲಿರಬೇಕಾದ ಹತ್ತನೇ ಚೌಕ 4.8 ಮಿ.ಮೀ. ಎಡಕ್ಕೆ ಸರಿದಿರುತ್ತದೆ. ಚೌಕದ ಅಗಲವೇ 6 ಮಿ.ಮೀ. ಆದ್ದರಿಂದ ಒಂದು ಅಂಕಿ ಹೆಚ್ಚುಕಡಿಮೆ ಪಕ್ಕದ ಚೌಕಕ್ಕೇ ಹೋಗಿ ಕುಳಿತಂತೆ. ಅಳತೆಪಟ್ಟಿಯಿಂದ ಅಳೆದ ಜಾಗವನ್ನೇ ನಂಬಿ ಕತ್ತರಿಸಿದವರಿಗೆ ಇಡೀ ಸಂಖ್ಯೆ ಜಾರಿ ಬರುವುದು ಹೀಗೆ.

ಪುಟದ ನಾಲ್ಕು ಮೂಲೆಗೆ 5 ಮಿ.ಮೀ.ನ ಕಪ್ಪು ಚೌಕದ ಗುರುತು ಹಾಕಿಸಿ. ಸ್ಕ್ಯಾನಿನಲ್ಲಿ ಆ ನಾಲ್ಕನ್ನು ಹುಡುಕಿ `cv2.getPerspectiveTransform` ಮತ್ತು `cv2.warpPerspective` ಮೂಲಕ ಪುಟವನ್ನು ಮೂಲ ಅಳತೆಗೆ ತಂದರೆ ಓರೆ, ಕುಗ್ಗುವಿಕೆ ಎರಡೂ ಸರಿಯಾಗುತ್ತವೆ. ಒಂದು ಗುರುತಾದರೂ ಸಿಗದ ಪುಟವನ್ನು ಅಂದಾಜಿನಲ್ಲಿ ಮುಂದೆ ಕಳಿಸದೆ ತಡೆಹಿಡಿಯಿರಿ. ಮಡಿಕೆ ಬಿದ್ದ ಹಾಳೆಯಲ್ಲಿ ಇಷ್ಟಾದರೂ ಒಂದೆರಡು ಮಿ.ಮೀ. ಉಳಿಯುತ್ತದೆ. ಅದಕ್ಕೆ ಆ ಸಾಲಿನ ಅಚ್ಚು ಗೆರೆಗಳನ್ನೇ ಹುಡುಕಿ, ಹನ್ನೊಂದು ಗೆರೆಗಳೂ ಸಮ ಅಂತರದಲ್ಲಿವೆ ಎಂಬ ನಿಯಮದ ಮೇಲೆ ಮೊದಲ ಗೆರೆಯ ಜಾಗವನ್ನೂ ಅಂತರವನ್ನೂ ಲೆಕ್ಕ ಹಾಕಬೇಕು. ಎರಡು ಮೂರು ಗೆರೆ ಬರಹದಡಿ ಮುಚ್ಚಿಹೋಗಿದ್ದರೂ ಉಳಿದವು ಸಾಕಾಗುತ್ತವೆ.

ಕತ್ತರಿಸಬೇಡಿ, ಹಂಚಿ

ಬಹಳ ಜನ ಎಡವುವುದು ಇಲ್ಲಿ. ಗೆರೆಯ ಮೇಲೆ ಕತ್ತರಿಸಿ ಹತ್ತು ತುಂಡು ಮಾಡಿದರೆ, 7ರ ಬಾಲ ಎಡ ಚೌಕಕ್ಕೆ ಹೋಗಿ ಅಲ್ಲಿದ್ದ 0 ಕೂಡ 6ರಂತೆ ಕಾಣಬಹುದು, ಬಾಲ ಕಳೆದುಕೊಂಡ 7 ಏನೂ ಆಗದೆ ಉಳಿಯುತ್ತದೆ. ಒಂದು ಅಂಕಿ ದಾಟಿದ್ದಕ್ಕೆ ಎರಡು ತಪ್ಪು.

ಬದಲಿಗೆ ಇಡೀ ಸಾಲನ್ನು, ಮೇಲೆ 2 ಮಿ.ಮೀ., ಕೆಳಗೆ 3 ಮಿ.ಮೀ. ಸೇರಿಸಿ ಒಂದೇ ಚಿತ್ರವಾಗಿ ತೆಗೆದುಕೊಳ್ಳಿ. ಅದರಲ್ಲಿ ಒಂದಕ್ಕೊಂದು ಅಂಟಿಕೊಂಡ ಶಾಯಿಯ ತುಂಡುಗಳನ್ನು ಗುರುತಿಸಿ, ಪ್ರತಿ ತುಂಡಿನ ನಡುಬಿಂದು ಯಾವ ಚೌಕದಲ್ಲಿದೆಯೋ ಆ ಚೌಕಕ್ಕೆ ಇಡೀ ತುಂಡನ್ನು ಕೊಡಿ:

```python
n, lab, st, cen = cv2.connectedComponentsWithStats(ink)
for i in range(1, n):
    if st[i, cv2.CC_STAT_AREA] < 30:
        continue
    cell = int((cen[i][0] - x0) // pitch)
```

`x0` ಮೊದಲ ಗೆರೆಯ ಜಾಗ, `pitch` ಚೌಕದ ಅಗಲ. 30 ಪಿಕ್ಸೆಲ್‌ಗಿಂತ ಚಿಕ್ಕದ್ದು ಪೆನ್ನಿನ ಚುಕ್ಕೆ ಅಥವಾ ಧೂಳು. ಬಾಲ ಎಷ್ಟೇ ಚಾಚಿದರೂ 7 ತನ್ನ ಚೌಕದಲ್ಲೇ ಉಳಿಯುತ್ತದೆ.

ಎರಡು ವಿನಾಯಿತಿಗಳಿವೆ. ತುಂಡಿನ ಅಗಲ ಚೌಕದ ಒಂದೂವರೆ ಪಟ್ಟು ದಾಟಿದರೆ ಪಕ್ಕಪಕ್ಕದ ಎರಡು ಅಂಕಿಗಳು ಅಂಟಿಕೊಂಡಿವೆ ಎಂದರ್ಥ. ಆಗ ಮಾತ್ರ ಗೆರೆಯ ಮೇಲೆ ಕತ್ತರಿಸಿ, ಎರಡೂ ಚೌಕಕ್ಕೆ ಅನುಮಾನದ ಗುರುತು ಹಾಕಿ. ಇನ್ನೊಂದು, 5ರ ಮೇಲಿನ ಅಡ್ಡಗೆರೆ. ಅನೇಕರು ಅದನ್ನು ಪೆನ್ನೆತ್ತಿ ಬೇರೆಯಾಗಿ ಎಳೆಯುತ್ತಾರೆ, ಅದು ಬಲ ಚೌಕಕ್ಕೆ ಹಾರಿ ಬೀಳುತ್ತದೆ. ಚಿಕ್ಕ ಅಡ್ಡ ತುಂಡಿನ ಎಡತುದಿ ಎಡ ಚೌಕದ ಅಂಕಿಗೆ ಒಂದು ಮಿ.ಮೀ. ಒಳಗಿದ್ದರೆ ಅದನ್ನು ಎಡಕ್ಕೇ ಸೇರಿಸಿ.

ಎತ್ತರ 4 ಮಿ.ಮೀ. ಇರುವ ತೆಳು 1 ಸುಮಾರು 280 ಪಿಕ್ಸೆಲ್ ಆಗುತ್ತದೆ. ಆದ್ದರಿಂದ ಒಟ್ಟು ಶಾಯಿ 100 ಪಿಕ್ಸೆಲ್‌ಗಿಂತ ಕಡಿಮೆಯಿದ್ದರೆ ಚೌಕ ಖಾಲಿ. ಖಾಲಿ ಚೌಕವನ್ನು 0 ಎಂದು ಬರೆಯಬೇಡಿ, ಬಿಟ್ಟು ಮುಂದೆ ಸರಿಯಲೂ ಬೇಡಿ, ಅಲ್ಲೊಂದು `?` ಇಡಿ. ಸರಿದರೆ ಒಂಬತ್ತು ಅಂಕಿಯ ಸಂಖ್ಯೆ ಸಿಗುತ್ತದೆ, ಯಾವ ಅಂಕಿ ತಪ್ಪಿದೆ ಎಂಬ ಸುಳಿವು ಕಳೆದುಹೋಗುತ್ತದೆ.

ಗುರುತಿಸುವುದು

ಕೈಬರಹದ ಅಂಕಿಗಳಿಗೆ, ಎಮ್‌ನಿಸ್ಟ್ ಎಂಬ ಅಂಕಿಚಿತ್ರಗಳ ಸಂಗ್ರಹದಿಂದ ಗುರುತಿಸಲು ಕಲಿತ ಕಂಪ್ಯೂಟರ್ ಮಾದರಿಗಳು ಉಚಿತವಾಗಿ ಸಿಗುತ್ತವೆ. ಅದರ ಚಿತ್ರಗಳು 28 × 28 ಪಿಕ್ಸೆಲ್. ಅಂಕಿಯನ್ನು ಅದರ ಉದ್ದಗಲದ ಅನುಪಾತ ಕೆಡದಂತೆ 20 × 20ರೊಳಗೆ ಕೂರಿಸಿ, ಶಾಯಿಯ ತೂಕದ ನಡುಬಿಂದು ಚಿತ್ರದ ನಡುವೆ ಬರುವಂತೆ ಇಟ್ಟಿದ್ದಾರೆ. ಕಪ್ಪು ಹಿನ್ನೆಲೆ, ಬಿಳಿ ಅಂಕಿ. ನಿಮ್ಮ ಚಿತ್ರವನ್ನೂ ಹೀಗೆಯೇ ಸಿದ್ಧಮಾಡಬೇಕು. 1 ಅನ್ನು ನಾಲ್ಕೂ ಕಡೆ ಎಳೆದು ಚೌಕ ತುಂಬಿಸಿದರೆ ಅದು ಕಂಬವಾಗಿ ಏನೇನೋ ಓದಿಕೊಳ್ಳುತ್ತದೆ. ಎಮ್‌ನಿಸ್ಟ್‌ನದು ಅಮೆರಿಕದ ಕೈಬರಹ. ನಮ್ಮವರ ಮೂಗುಳ್ಳ 1 ಅದಕ್ಕೆ 7ರಂತೆ ಕಾಣುವುದುಂಟು. ನಿಮ್ಮದೇ ಅರ್ಜಿಗಳಿಂದ ಪ್ರತಿ ಅಂಕಿಯ ಇನ್ನೂರು ಚಿತ್ರ ಆರಿಸಿ ಆ ಮಾದರಿಗೆ ಇನ್ನಷ್ಟು ಕಲಿಸಿದರೆ ಈ ಗೊಂದಲ ಬಹಳ ಇಳಿಯುತ್ತದೆ.

ಕನ್ನಡ ಅಂಕಿಗಳಲ್ಲಿ ತುಂಬಿದ ಅರ್ಜಿಗಳೂ ಬರುತ್ತವೆ. 2019ರಲ್ಲಿ ಹೊರಬಂದ ಕನ್ನಡ-ಎಮ್‌ನಿಸ್ಟ್ ಸಂಗ್ರಹದಲ್ಲಿ ಕಲಿಕೆಗೆ 60,000, ಪರೀಕ್ಷೆಗೆ 10,000 ಚಿತ್ರಗಳಿವೆ. ಆದರೆ ಎರಡೂ ಲಿಪಿಯನ್ನು ಒಂದೇ ಮಾದರಿಗೆ ಬೆರೆಸಿ ಚೌಕ ಚೌಕಕ್ಕೂ ಕೇಳಬೇಡಿ. ಕೆಳಗೆ ಬಾಯಿ ತೆರೆದ ೧ ಅನ್ನು ತುಸು ಮುಚ್ಚಿ ಬರೆದರೆ ಅದು 0 ಆಗುತ್ತದೆ. ಒಂದೇ ಸಾಲಿನಲ್ಲಿ ಲಿಪಿ ಬದಲಿಸುವವರು ಅಪರೂಪ. ಇಡೀ ಸಾಲನ್ನು ಎರಡೂ ಮಾದರಿಗೆ ಕೊಟ್ಟು, ಒಟ್ಟಾರೆ ಹೆಚ್ಚು ಭರವಸೆಯಿಂದ ಓದಿದ್ದನ್ನು ಇಟ್ಟುಕೊಳ್ಳಿ.

ಅನುಮಾನ ಹಿಡಿಯುವುದು

ಮಾದರಿ ಹೇಳುವ ಭರವಸೆಯ ಅಂಕೆ ಸಾಮಾನ್ಯವಾಗಿ ಉಬ್ಬಿಕೊಂಡಿರುತ್ತದೆ. ಇನ್ನೂರು ಸಾಲುಗಳನ್ನು ಕೈಯಲ್ಲಿ ಪರಿಶೀಲಿಸಿ, ತಪ್ಪುಗಳು ಯಾವ ಮಟ್ಟದ ಕೆಳಗೆ ಬೀಳುತ್ತವೆ ಎಂದು ನೋಡಿ ಮಿತಿ ನಿಗದಿಮಾಡಿ. ಉಳಿದ ಪರಿಶೀಲನೆಗೆ ಅರ್ಜಿವಾರು ಕೂರುವುದಕ್ಕಿಂತ ಅಂಕಿವಾರು ಕೂರುವುದು ಚುರುಕು. 7 ಎಂದು ಓದಿದ ನೂರು ಚೌಕಗಳನ್ನು ಒಂದೇ ಪರದೆಯಲ್ಲಿ ಜೋಡಿಸಿದರೆ, ನಡುವೆ ಸೇರಿಕೊಂಡ ಒಂದು 1 ಕಣ್ಣಿಗೆ ತಾನಾಗಿ ಹೊಡೆಯುತ್ತದೆ.

ಮೊಬೈಲ್ ಸಂಖ್ಯೆಗೆ ತಾಳೆ ನೋಡುವ ಅಂಕಿ ಇಲ್ಲ. ಮೊದಲ ಅಂಕಿ 6ರಿಂದ 9ರೊಳಗಿರಬೇಕು ಎಂಬುದೊಂದೇ ನಿಯಮ. ಪಿನ್‌ಕೋಡ್ ತುಸು ವಾಸಿ, ಬೆಂಗಳೂರು ನಗರದ್ದು 560ರಿಂದ ಶುರುವಾಗುತ್ತದೆ. ಆದರೂ ಜಯನಗರದ 560011ರ ಕೊನೆಯ 1 ಅನ್ನು 7 ಎಂದು ಓದಿದರೆ 560017, ಅದು ವಿಮಾನಪುರದ ಪಿನ್. ಎರಡೂ ನಿಜವಾದ ಪಿನ್‌ಗಳೇ. ಹಿಡಿಯಬೇಕೆಂದರೆ ವಿಳಾಸದ ಬಡಾವಣೆ ಹೆಸರಿನೊಂದಿಗೆ ತಾಳೆ ನೋಡಬೇಕು.

ಆಧಾರ್ ಸಾಲಿನ ಹನ್ನೆರಡನೇ ಅಂಕಿ ತಾಳೆ ನೋಡಲೆಂದೇ ಇರುವುದು, ಉಳಿದ ಹನ್ನೊಂದರಿಂದ ವೆರ್ಹೂಫ್ ಎಂಬ ಸೂತ್ರದಲ್ಲಿ ಲೆಕ್ಕ ಹಾಕಿದ್ದು. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ಅದು ಖಂಡಿತ ಹಿಡಿಯುತ್ತದೆ. ಒಂದೇ ಚೌಕ ಮಸುಕಾಗಿದ್ದರೆ ಅಲ್ಲಿ ಹೊಂದುವುದು ಒಂದೇ ಅಂಕಿ, ಲೆಕ್ಕದಿಂದ ಪಡೆಯಬಹುದು. ಉಳಿದ ಹನ್ನೊಂದರಲ್ಲಿ ಒಂದು ತಪ್ಪಿದ್ದರೆ ಲೆಕ್ಕ ಕೊಡುವುದೂ ತಪ್ಪೇ ಆದ್ದರಿಂದ, ಹೀಗೆ ತುಂಬಿದ್ದಕ್ಕೆ ಬೇರೆ ಗುರುತಿರಲಿ.

ಕಾಲಂಗೆ ಇಳಿಸುವುದು

ಅಂಕಿಗಳೇ ಆದರೂ ಇವನ್ನು ಪಠ್ಯವಾಗಿಯೇ ಇಡಿ. ಕೂಡುವ, ಕಳೆಯುವ ಸಂಖ್ಯೆಗಳಲ್ಲ ಇವು. ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ನೇರ ಡಬಲ್ ಕ್ಲಿಕ್ ಮಾಡಿ ತೆರೆದರೆ 080ರ ಮೊದಲ ಸೊನ್ನೆ ಹಾರಿಹೋಗುತ್ತದೆ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿಗಳಷ್ಟನ್ನೇ ಉಳಿಸಿಕೊಳ್ಳುವುದರಿಂದ 16 ಅಂಕಿಯ ಖಾತೆ ಸಂಖ್ಯೆಯ ಕೊನೆಯದು 0 ಆಗುತ್ತದೆ. ಹಾಗೇ ಉಳಿಸಿಬಿಟ್ಟರೆ ಕಳೆದದ್ದು ಮರಳುವುದಿಲ್ಲ. ಡೇಟಾ ಮೆನುವಿನ ಮೂಲಕ ಆಮದು ಮಾಡಿ, ಆ ಕಾಲಂಗಳಿಗೆ ‘ಟೆಕ್ಸ್ಟ್’ ಆಯ್ದುಕೊಳ್ಳಿ. ಪ್ರತಿ ಸಾಲಿನಲ್ಲಿ ಓದಿದ ಸಂಖ್ಯೆಯ ಪಕ್ಕ ಇನ್ನೆರಡು ಕಾಲಂ ಇರಲಿ: ಅನುಮಾನದ ಚೌಕಗಳ ಕ್ರಮಸಂಖ್ಯೆ ಒಂದರಲ್ಲಿ, ಆ ಸಾಲಿನ ಚಿತ್ರದ ಕಡತದ ಹೆಸರು ಇನ್ನೊಂದರಲ್ಲಿ. ಯಾರಾದರೂ ತಮ್ಮ ಸಂಖ್ಯೆ ತಪ್ಪಿದೆ ಎಂದು ಬಂದಾಗ ಅರ್ಜಿಗಳ ಕಟ್ಟು ಬಿಚ್ಚದೆಯೇ ನೋಡಿ ತಿದ್ದಬಹುದು.